ಕೆಲಸ ಸಿಗಲಿಲ್ಲ, ರೆಫರ್ ಮಾಡಿದವರಿಗೆ ಪತ್ರ ಬಾಕಿ ಇದೆ

(ಉದ್ಯೋಗ ಹುಡುಕುತ್ತಿರುವವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಕಳೆದ ವರ್ಷ ಒಂದು ಸಂಜೆ ನನ್ನ ಕಿರಿಯ ಸ್ನೇಹಿತನೊಬ್ಬ ಫೋನ್ ಮಾಡಿದ. ಸಂದರ್ಶನದ 4 ಸುತ್ತುಗಳನ್ನು ಮುಗಿಸಿ, ಕೊನೆಯ ಸುತ್ತಾದ ಮೇಲೆ 11 ದಿನ ಕಾದಿದ್ದ ಅವನಿಗೆ ಆಗಷ್ಟೇ ಇಮೇಲ್ ಬಂದಿತ್ತು. ಉತ್ತರ ಬರೆಯಲಾಗದ ವಿಳಾಸದಿಂದ ಬರುವ, ‘ಈ ಬಾರಿ ಬೇರೆ ಅಭ್ಯರ್ಥಿಗಳನ್ನು ಪರಿಗಣಿಸಲು ತೀರ್ಮಾನಿಸಿದ್ದೇವೆ’ ಎನ್ನುವ ನಾಲ್ಕು ಸಾಲಿನ ಇಮೇಲ್ ಅದು. ಏನು ಸಮಾಧಾನ ಹೇಳುವುದೆಂದು ನಾನು ಮಾತಿಗೆ ತಡಕಾಡುತ್ತಿದ್ದೆ. ಅವನಿಗೆ ಬೇಕಾಗಿದ್ದುದು ಅದಾಗಿರಲಿಲ್ಲ. ‘ಸರ್, ಅದು ಹೋಗಲಿ ಬಿಡಿ. ಮೇಡಂಗೆ ಈಗ ಏನು ಹೇಳಲಿ?’ ಎಂದ. ಮೇಡಂ ಎಂದರೆ 3 ವರ್ಷಗಳ ಹಿಂದೆ ಅವನ ಹಳೆಯ ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯಾಗಿದ್ದು, ಆಮೇಲೆ ಈ ಸಂಸ್ಥೆಗೆ ಹೋಗಿ, ಇವನು ಕೇಳಿದ ಮರುದಿನವೇ ತಮ್ಮ ಹೆಸರಿನಲ್ಲಿ ಇವನ ರೆಸ್ಯೂಮೆಯನ್ನು ಒಳಗೆ ಕಳುಹಿಸಿದ್ದವರು. ಅವರಿಗೆ ಬರೆಯಬೇಕಾದ ಒಂದು ಸಣ್ಣ ಪತ್ರಕ್ಕೆ ಅವನು ಮೂರು ಸಲ ಕರಡು ಮಾಡಿದ. ಆ ಮೂರು ಕರಡುಗಳನ್ನು ಅವನ ಒಪ್ಪಿಗೆ ಪಡೆದು ಇಂದು ನಿಮ್ಮ ಮುಂದೆ ಓದುತ್ತೇನೆ.

ಅದಕ್ಕೆ ಮೊದಲು ಪದದ ಬಗ್ಗೆ ಒಂದು ಮಾತು. ‘ರೆಫರಲ್’ ಎನ್ನುವುದಕ್ಕೆ ‘ಶಿಫಾರಸು’ ಎಂಬ ಪದ ನಮ್ಮಲ್ಲಿ ಇದ್ದೇ ಇದೆ, ಆದರೆ ಆ ಪದಕ್ಕೆ ವಶೀಲಿಯ ವಾಸನೆ ಅಂಟಿಕೊಂಡುಬಿಟ್ಟಿದೆ. ಶಿಫಾರಸು ಮಾಡಿಸಿದವನಿಗೆ ಕೆಲಸ ಸಿಗಲೇಬೇಕು, ಸಿಗದಿದ್ದರೆ ಶಿಫಾರಸು ಮಾಡಿದವರ ಮಾತು ನಡೆಯಲಿಲ್ಲ ಎಂದೇ ನಾವು ಅರ್ಥ ಮಾಡಿಕೊಳ್ಳುತ್ತೇವೆ. ರೆಫರಲ್‌ಗೆ ಅಷ್ಟು ಬಲವಿಲ್ಲ. ರಾಶಿ ಅರ್ಜಿಗಳ ನಡುವೆ ಒಂದು ಅರ್ಜಿಯನ್ನು ಮನುಷ್ಯರೊಬ್ಬರು ನಿಜವಾಗಿ ತೆರೆದು ಓದುವಂತೆ ಮಾಡುವುದು ಅದರ ಮುಖ್ಯ ಕೆಲಸ. ಸಂದರ್ಶನದ ಕೋಣೆಯ ಬಾಗಿಲಿನ ಆಚೆಗೆ ಅದರ ಬಲ ಬಹಳವಾಗಿ ತಗ್ಗುತ್ತದೆ. ಇದು ತಿಳಿದಿದ್ದರೆ ಪತ್ರದ ಧಾಟಿ ತಾನಾಗಿ ಸರಿಹೋಗುತ್ತದೆ, ಏಕೆಂದರೆ ಆಗ ನೀವು ಕೃತಜ್ಞತೆ ಹೇಳುವುದು ಅವರು ನಿಜವಾಗಿ ಮಾಡಿದ ಕೆಲಸಕ್ಕೆ, ಅವರ ಕೈಯಲ್ಲಿಲ್ಲದ ಫಲಿತಾಂಶಕ್ಕಲ್ಲ.

ಹಾಗಾದರೆ ಅವರು ಮಾಡಿದ್ದೇನು? ರೆಫರ್ ಮಾಡುವವರ ಮೇಜಿನ ಮೇಲೆ ಏನು ನಡೆಯುತ್ತದೆ ಎಂಬುದನ್ನು ಕೆಲಸ ಹುಡುಕುವವರಲ್ಲಿ ಹೆಚ್ಚಿನವರು ನೋಡಿರುವುದಿಲ್ಲ. ಸಂಸ್ಥೆಯ ಒಳಗಿನ ಪೋರ್ಟಲ್‌ನಲ್ಲಿ ರೆಸ್ಯೂಮೆ ಹಾಕಿ ಒಂದು ಗುಂಡಿ ಒತ್ತಿದರೆ ಮುಗಿಯಿತು ಎನ್ನುವ ಕಡೆಯೂ ಇದೆ. ಆದರೆ ಅನೇಕ ಕಡೆ ಆ ಪುಟ ಪ್ರಶ್ನೆ ಕೇಳುತ್ತದೆ. ಈ ವ್ಯಕ್ತಿ ನಿಮಗೆ ಹೇಗೆ ಪರಿಚಯ, ಎಷ್ಟು ಕಾಲದಿಂದ ಪರಿಚಯ, ಜೊತೆಯಲ್ಲಿ ಕೆಲಸ ಮಾಡಿದ್ದೀರಾ ಅಥವಾ ಕೇವಲ ಬಲ್ಲಿರಾ, ಈ ಹುದ್ದೆಗೆ ಇವರು ಏಕೆ ಹೊಂದುತ್ತಾರೆ ಎಂದು ನಾಲ್ಕು ಸಾಲು ಬರೆಯಿರಿ, ಹೀಗೆ. ಆ ನಾಲ್ಕು ಸಾಲು ಅರ್ಜಿಯ ಜೊತೆಗೆ, ಬರೆದವರ ಹೆಸರಿನೊಂದಿಗೆ, ದಾಖಲೆಯಲ್ಲಿ ಉಳಿಯುತ್ತದೆ. ಸಂದರ್ಶನ ಮಾಡುವವರು ಅದನ್ನು ಓದಬಹುದು. ಅಂದರೆ ರೆಫರ್ ಮಾಡಿದವರು ತಮ್ಮದೇ ಸಹೋದ್ಯೋಗಿಗಳ ಮುಂದೆ ತಮ್ಮ ಅಂದಾಜನ್ನು ಲಿಖಿತವಾಗಿ ಇಟ್ಟಿರುತ್ತಾರೆ. ಕೆಲವು ಸಂಸ್ಥೆಗಳು ಇದಕ್ಕೆ ಬೋನಸ್ ಕೊಡುತ್ತವೆ ನಿಜ, ಆದರೆ ಸಾಮಾನ್ಯವಾಗಿ ಅದು ಸಿಗುವುದು ಅಭ್ಯರ್ಥಿ ಕೆಲಸಕ್ಕೆ ಸೇರಿ ಕೆಲವು ತಿಂಗಳು ಉಳಿದ ಮೇಲೆ. ನಿಮಗೆ ಕೆಲಸ ಸಿಗದಿದ್ದಾಗ ಅವರಿಗೆ ಸಿಕ್ಕಿದ್ದು ಏನೂ ಇಲ್ಲ. ಪತ್ರದಲ್ಲಿ ತಮಾಷೆಗೂ ಆ ಬೋನಸ್ಸಿನ ಮಾತು ಎತ್ತಬಾರದು ಎನ್ನುವುದು ಅದಕ್ಕೇ.

ಇನ್ನು ಫಲಿತಾಂಶ ಬಂದಾಗ ಅವರಿಗೆ ಏನು ಕಾಣುತ್ತದೆ? ಹೆಚ್ಚೆಂದರೆ ಒಂದು ಸಾಲು. ‘ಪರಿಶೀಲನೆಯಲ್ಲಿದೆ’ ಎಂದಿದ್ದ ಜಾಗದಲ್ಲಿ ಒಂದು ದಿನ ‘ಆಯ್ಕೆಯಾಗಿಲ್ಲ’ ಎಂದು ಬಂದಿರುತ್ತದೆ. ಏಕೆ ಆಗಲಿಲ್ಲ ಎಂಬುದು, ಸಂದರ್ಶಕರು ಬರೆದ ಟಿಪ್ಪಣಿ, ಯಾರನ್ನು ತೆಗೆದುಕೊಂಡರು ಎಂಬುದು ಯಾವುದೂ ಸಾಮಾನ್ಯವಾಗಿ ಅವರಿಗೆ ತೋರುವುದಿಲ್ಲ. ಕೆಲವು ಕಡೆ ಆ ಒಂದು ಸಾಲೂ ಬರುವುದಿಲ್ಲ. ಆದ್ದರಿಂದ ನಿಮಗಿಂತ ಮೊದಲೇ ಅವರಿಗೆ ಗೊತ್ತಾಗಿರಬಹುದು, ನಿಮ್ಮಿಂದಲೇ ಗೊತ್ತಾಗಬಹುದು, ಗೊತ್ತಾಗದೆಯೇ ಇರಬಹುದು. ಪತ್ರ ಬರೆಯುವಾಗ ಈ ಮೂರರಲ್ಲಿ ಯಾವುದು ಎಂಬುದು ನಿಮಗೆ ತಿಳಿದಿರುವುದಿಲ್ಲ.

ಆ ಒಂದು ಸಾಲನ್ನು ನೋಡಿದವರ ಕಡೆಯಲ್ಲಿ ನಾನೂ ಕೂತಿದ್ದೇನೆ. ಹಲವು ವರ್ಷಗಳ ಹಿಂದೆ ಒಬ್ಬ ಪರಿಚಿತರನ್ನು ರೆಫರ್ ಮಾಡಿದ್ದೆ. ‘ಆಯ್ಕೆಯಾಗಿಲ್ಲ’ ಎಂದು ಕಂಡ ದಿನ ನನ್ನ ಮನಸ್ಸಿಗೆ ಮೊದಲು ಬಂದದ್ದು ಅವರ ಬೇಸರವಲ್ಲ, ನನ್ನ ಮುಜುಗರ. ಇಲ್ಲದ ಆಸೆ ಹುಟ್ಟಿಸಿದೆನೇನೋ, ಹೊಂದದ ಹುದ್ದೆಗೆ ಕಳುಹಿಸಿದೆನೇನೋ, ನನ್ನ ಸಹೋದ್ಯೋಗಿ ಸಂದರ್ಶನದಲ್ಲಿ ಒರಟಾಗಿ ಮಾತಾಡಿದರೇನೋ ಎಂದು ಯೋಚಿಸುತ್ತಾ, ಅವರೇ ಫೋನ್ ಮಾಡಲಿ ಎಂದು ಬಿಟ್ಟೆ. ಅವರೂ ಮಾಡಲಿಲ್ಲ. ಎರಡು ವರ್ಷದ ನಂತರ ಒಂದು ಸಮ್ಮೇಳನದಲ್ಲಿ ಎದುರಾದಾಗ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ‘ನಿಮಗೆ ಮುಖ ತೋರಿಸಲು ನಾಚಿಕೆಯಾಗಿತ್ತು ಸರ್’ ಎಂದು ಅವರು ಹೇಳಿದ್ದು ಹೊರಡುವ ಹೊತ್ತಿಗೆ. ನಾನೂ ಅದೇ ಮಾತನ್ನು ಹೇಳಬೇಕೆಂದಿದ್ದೆ. ಇಬ್ಬರು ಒಬ್ಬರಿಗೊಬ್ಬರು ತಪ್ಪಿತಸ್ಥರೆಂದುಕೊಂಡು ಎರಡು ವರ್ಷ ಸುಮ್ಮನಿದ್ದರು, ಅಷ್ಟೇ ನಡೆದದ್ದು.

ಹೀಗಾಗಿ ನನ್ನ ಮಟ್ಟಿಗೆ ಈ ಪತ್ರ ಹೆಸರಿಗೆ ಧನ್ಯವಾದದ ಪತ್ರವಾದರೂ, ಅದು ಮಾಡಬೇಕಾದ ಮೊದಲ ಕೆಲಸ ಬೇರೆ. ರೆಫರ್ ಮಾಡಿದವರ ತಲೆಯಲ್ಲಿ ತೆರೆದೇ ಉಳಿದಿರುವ ಖಾತೆಯೊಂದನ್ನು ಅದು ಮುಚ್ಚಬೇಕು: ಏನಾಯಿತು, ಇವನು ಹೇಗಿದ್ದಾನೆ, ನನ್ನ ಮೇಲೆ ಬೇಸರವಿದೆಯೇ, ನಾನಿನ್ನು ಏನಾದರೂ ಮಾಡಬೇಕೇ. ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಸಂಬಂಧ ಮೊದಲಿನಂತೆ ಇರುತ್ತದೆ. ಒಂದಕ್ಕೆ ಸಿಗದಿದ್ದರೂ ಧನ್ಯವಾದ ಎಷ್ಟು ಸುಂದರವಾಗಿದ್ದರೂ ಅವರು ನಿಮ್ಮನ್ನು ಸ್ವಲ್ಪ ತಪ್ಪಿಸಿಕೊಂಡೇ ಓಡಾಡುತ್ತಾರೆ.

ಆಪ್ತ ಗೆಳೆಯರಾದರೆ ಇದಕ್ಕೆ ಪತ್ರವೇ ಬೇಕಿಲ್ಲ, ಮುಂದಿನ ಭೇಟಿಯಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ರೆಫರ್ ಮಾಡುವವರು ಹೆಚ್ಚಾಗಿ ಆಪ್ತರಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ಕಂಡುಕೊಂಡವರನ್ನು ‘ಆ ಪರಿಚಿತರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ’ ಎಂದು ಕೇಳಿದ ವಿವರವಿದೆ. ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17 ಮಂದಿ. ಅಪರೂಪಕ್ಕೆ, ಅಂದರೆ ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ, ಎಂದವರು ಸುಮಾರು 28 ಮಂದಿ. ಉಳಿದವರೆಲ್ಲ ಇವೆರಡರ ನಡುವಿನವರು. ಗ್ರಾನೊವೆಟರ್ ಮಾತಾಡಿಸಿದವರ ಸಂಖ್ಯೆ ಚಿಕ್ಕದೇ, ಕಾಲವೂ ಹಳೆಯದು. ಆದರೂ ನಮ್ಮ ವಿಷಯಕ್ಕೆ ಅದರಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಕೆಲಸದ ಸುದ್ದಿ ತರುವವರು ನೀವು ದಿನವೂ ನೋಡದವರೇ ಆಗಿದ್ದರೆ, ಕೆಲಸ ಸಿಗದೆ ಹೋದಾಗ ಮುರುಕನ್ನು ಬೆಸೆಯಲು ಸಹಜವಾದ ಯಾವ ಭೇಟಿಯೂ ಬರುವುದಿಲ್ಲ. ಸಹಜವಾಗಿ ಬರದ ಭೇಟಿಯ ಜಾಗದಲ್ಲಿ ಪತ್ರ ನಿಲ್ಲಬೇಕು.

ಈಗ ಕರಡುಗಳಿಗೆ ಬರೋಣ. ಇಮೇಲ್ ಬಂದ ಅರ್ಧ ಗಂಟೆಯೊಳಗೆ ಅವನು ಬರೆದು ನನಗೆ ಕಳುಹಿಸಿದ ಮೊದಲ ಕರಡು ಹೀಗಿತ್ತು:

‘ಮೇಡಂ, ರಿಜೆಕ್ಟ್ ಆಯಿತು. 4 ಸುತ್ತೂ ಚೆನ್ನಾಗಿಯೇ ಹೋಗಿತ್ತು, ಕೊನೆಯ ಸುತ್ತಿನಲ್ಲಿ ಕೇಳಿದ ಪ್ರಶ್ನೆಗಳಿಗೂ ಹುದ್ದೆಗೂ ಸಂಬಂಧವೇ ಇರಲಿಲ್ಲ. ಏಕೆ ಬೇಡವೆಂದರು ಎಂದು ಸ್ವಲ್ಪ ವಿಚಾರಿಸಿ ತಿಳಿಸುತ್ತೀರಾ? ಬೇರೆ ಯಾವ ತಂಡದಲ್ಲಾದರೂ ಜಾಗವಿದ್ದರೆ ನನ್ನ ರೆಸ್ಯೂಮೆ ಕೊಡಿ. ನಿಮ್ಮ ಸಹಾಯಕ್ಕೆ ಧನ್ಯವಾದಗಳು.’

ಇದರಲ್ಲಿ ಸುಳ್ಳೇನೂ ಇಲ್ಲ, ಕೋಪವೂ ಅಂಥ ದೊಡ್ಡದಲ್ಲ. ಆದರೆ ಓದುವವರ ಜಾಗದಲ್ಲಿ ಕೂತು ನೋಡಿ. ಕೊನೆಯ ಸುತ್ತಿನಲ್ಲಿ ಪ್ರಶ್ನೆ ಕೇಳಿದವರು ಮೇಡಂ ಅವರ ಸಹೋದ್ಯೋಗಿ, ಬಹುಶಃ ನಾಳೆ ಬೆಳಿಗ್ಗೆ ಅವರ ಜೊತೆಯಲ್ಲಿ ಮೀಟಿಂಗ್ ಇದೆ. ಮೇಡಂ ಈಗ ಯಾರ ಪಕ್ಷ ವಹಿಸಬೇಕು? ಎರಡನೆಯದಾಗಿ, ಕಾರಣ ವಿಚಾರಿಸಿ ತಿಳಿಸಿ ಎನ್ನುವುದು ಕೇಳಲು ಸಣ್ಣ ಕೆಲಸ. ಆದರೆ ಸಂದರ್ಶನದ ಟಿಪ್ಪಣಿಗಳು ಗೋಪ್ಯ, ಅವನ್ನು ಅಭ್ಯರ್ಥಿಗೆ ದಾಟಿಸಬಾರದು ಎಂದು ಅನೇಕ ಸಂಸ್ಥೆಗಳಲ್ಲಿ ಎಚ್‌ಆರ್ ವಿಭಾಗ ಸ್ಪಷ್ಟವಾಗಿ ಹೇಳಿರುತ್ತದೆ. ನಿಯಮ ಮುರಿಯಬೇಕು, ಇಲ್ಲವೇ ನಿಮಗೆ ‘ಆಗುವುದಿಲ್ಲ’ ಎನ್ನಬೇಕು. ಎರಡೂ ಇಷ್ಟವಿಲ್ಲದವರು ಉತ್ತರವನ್ನೇ ಬರೆಯುವುದಿಲ್ಲ, ಆ ಮೌನವನ್ನು ನೀವು ಇನ್ನೊಂದು ತಿರಸ್ಕಾರವೆಂದು ಓದಿಕೊಳ್ಳುತ್ತೀರಿ. ಮೂರನೆಯದು, ಹೊಸ ಬೇಡಿಕೆ. ಒಂದು ಸಹಾಯ ಇನ್ನೂ ಬಿಸಿಯಾಗಿರುವಾಗಲೇ ಇನ್ನೊಂದನ್ನು ಕೇಳಿದರೆ ಕೊನೆಯ ಸಾಲಿನ ಧನ್ಯವಾದಕ್ಕೆ ಮುಂಗಡದ ರುಚಿ ಬರುತ್ತದೆ. ಧನ್ಯವಾದ ಕೊನೆಯ ಸಾಲಿನಲ್ಲಿ ಇದೆ ಎಂಬುದೇ ಎಲ್ಲವನ್ನೂ ಹೇಳುತ್ತದೆ.

ನಾನು ಇಷ್ಟನ್ನು ಹೇಳಿದ ಮೇಲೆ ರಾತ್ರಿ ಎರಡನೆಯ ಕರಡು ಬಂತು. ಅದು ಇನ್ನೊಂದು ದಡಕ್ಕೆ ಹೋಗಿತ್ತು:

‘ಮೇಡಂ, ಕ್ಷಮಿಸಿ. ನಿಮ್ಮ ಹೆಸರು ಉಳಿಸಲು ನನ್ನಿಂದ ಆಗಲಿಲ್ಲ. ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟಿದ್ದಿರಿ, ನಾನು ಅದಕ್ಕೆ ಯೋಗ್ಯನಲ್ಲ ಎಂದು ಸಾಬೀತಾಯಿತು. ನಿಮಗೆ ನಿಮ್ಮ ತಂಡದಲ್ಲಿ ನನ್ನಿಂದ ತೊಂದರೆಯಾಗಿದ್ದರೆ ದಯವಿಟ್ಟು ಕ್ಷಮಿಸಿಬಿಡಿ.’

ವಿನಯವೆಂದರೆ ಇದೇ ಎಂದು ಅವನು ತಿಳಿದಿದ್ದ, ನಮ್ಮಲ್ಲಿ ಅನೇಕರೂ ಹಾಗೆಯೇ ತಿಳಿದಿದ್ದಾರೆ. ನನಗೆ ಮಾತ್ರ ಮೊದಲ ಕರಡಿಗಿಂತ ಇದೇ ಹೆಚ್ಚು ಭಾರ ಎನ್ನಿಸುತ್ತದೆ. ಇದನ್ನು ಓದಿದವರು ಕೂಡಲೇ ಸಮಾಧಾನ ಹೇಳಲು ಕೂರಬೇಕು. ಧನ್ಯವಾದ ಪಡೆಯಬೇಕಾದವರಿಗೆ ಕೆಲಸ ಹಚ್ಚಿದಂತಾಯಿತು. ಅದಕ್ಕಿಂತ ಮುಖ್ಯವಾಗಿ, ‘ನಾನು ಯೋಗ್ಯನಲ್ಲ’ ಎನ್ನುವ ಮಾತು ಒಳಗೊಳಗೇ ಮೇಡಂ ಅವರ ಅಂದಾಜು ತಪ್ಪು ಎಂದು ಹೇಳುತ್ತದೆ. ಇವನ ಕೆಲಸವನ್ನು ಅವರು ಒಂದೂವರೆ ವರ್ಷ ಪಕ್ಕದ ಮೇಜಿನಿಂದ ನೋಡಿದ್ದರು. 4 ಗಂಟೆಯ ಸಂದರ್ಶನ ಒಂದೂವರೆ ವರ್ಷದ ನೋಟವನ್ನು ಅಳಿಸಿಹಾಕಿತು ಎಂದು ಇವನೇ ಒಪ್ಪಿಕೊಳ್ಳಬೇಕಾದ ಅಗತ್ಯವೇನಿತ್ತು? ಒಂದು ಹುದ್ದೆಗೆ ಒಬ್ಬರನ್ನೇ ತೆಗೆದುಕೊಳ್ಳುತ್ತಾರೆ. ಎರಡನೆಯ ಸ್ಥಾನದಲ್ಲಿ ನಿಂತವರಿಗೂ ಹೋಗುವುದು ಅದೇ ನಾಲ್ಕು ಸಾಲಿನ ಇಮೇಲ್. ಹುದ್ದೆಯೇ ರದ್ದಾದರೂ ಕೆಲವೊಮ್ಮೆ ಅದೇ ಹೋಗುತ್ತದೆ.

ಮರುದಿನ ಮಧ್ಯಾಹ್ನ ಮೂರನೆಯದನ್ನು ಬರೆದ. ಅದು ಹೋದದ್ದು ಹೀಗೆ:

‘ನಮಸ್ಕಾರ ಮೇಡಂ,

ನಿನ್ನೆ ಸಂಜೆ ಫಲಿತಾಂಶ ಬಂತು, ಈ ಹುದ್ದೆಗೆ ನಾನು ಆಯ್ಕೆಯಾಗಲಿಲ್ಲ. ನಿಮಗೆ ಬೇರೆ ಕಡೆಯಿಂದ ತಿಳಿಯುವುದಕ್ಕಿಂತ ನಾನೇ ತಿಳಿಸೋಣವೆಂದು ಬರೆಯುತ್ತಿದ್ದೇನೆ.

ನಾನು ಕೇಳಿದ ಮರುದಿನವೇ ನೀವು ರೆಫರ್ ಮಾಡಿದಿರಿ, ಮೊದಲ ಸುತ್ತಿಗೆ ಮುಂಚೆ ಅರ್ಧ ಗಂಟೆ ಕೂತು ಆ ತಂಡ ಏನು ಮಾಡುತ್ತದೆಂದು ವಿವರಿಸಿದಿರಿ. ಎರಡನೆಯ ಸುತ್ತಿನಲ್ಲಿ ನಾನು ಧೈರ್ಯವಾಗಿ ಮಾತಾಡಿದ್ದು ಆ ಅರ್ಧ ಗಂಟೆಯಿಂದ. ಅದಕ್ಕೆ ಮನಸಾರೆ ಧನ್ಯವಾದಗಳು.

ಸಂದರ್ಶನ ಮಾಡಿದವರೆಲ್ಲ ಗೌರವದಿಂದ ನಡೆಸಿಕೊಂಡರು. ಕೊನೆಯ ಸುತ್ತಿನಲ್ಲಿ ದೊಡ್ಡ ಯೋಜನೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಹೊತ್ತ ಅನುಭವ ನನಗೆ ಕಡಿಮೆ ಎಂಬುದು ನನಗೇ ಗೊತ್ತಾಯಿತು. ಈ ವರ್ಷ ಅದರ ಕಡೆ ಗಮನ ಕೊಡುತ್ತೇನೆ. ಬೇಸರವಾಯಿತು, ಆದರೆ ಅರ್ಜಿ ಹಾಕಿದ್ದಕ್ಕೆ ಸಂತೋಷವಿದೆ.

ನೀವು ಇದಕ್ಕಾಗಿ ಇನ್ನೇನೂ ಮಾಡಬೇಕಾಗಿಲ್ಲ, ಉತ್ತರವನ್ನೂ ಬಿಡುವಾದಾಗ ಬರೆದರೆ ಸಾಕು. ನೀವು ಹೇಳಿದ್ದ ಹೊಸ ಯೋಜನೆ ಮುಂದಿನ ತಿಂಗಳು ಶುರುವಾಗುತ್ತದಲ್ಲವೇ, ಅದು ಹೇಗೆ ನಡೆಯಿತೆಂದು ಕೇಳುವ ಕುತೂಹಲ ನನಗಿದೆ.’

ಎರಡು ನಿಮಿಷದ ಓದು. ಇದರಲ್ಲಿ ನನ್ನ ಕಣ್ಣಿಗೆ ಮೊದಲು ಬೀಳುವುದು ಆ ‘ಅರ್ಧ ಗಂಟೆ’. ‘ನಿಮ್ಮ ಸಹಾಯಕ್ಕೆ ಧನ್ಯವಾದಗಳು’ ಎಂಬುದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಅರ್ಧ ಗಂಟೆಯ ಮಾತು ಎರಡನೆಯ ಸುತ್ತಿನಲ್ಲಿ ಕೆಲಸಕ್ಕೆ ಬಂತು ಎನ್ನುವುದನ್ನು ಇವನೊಬ್ಬನೇ, ಇವರೊಬ್ಬರಿಗೇ ಬರೆಯಬಲ್ಲ. ಫಲಿತಾಂಶ ಕೆಟ್ಟದ್ದಾದರೂ ಅವರ ಕೆಲಸ ವ್ಯರ್ಥವಾಗಲಿಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿತು. ಇಂಥ ಒಂದು ವಿವರ ನಿಮಗೆ ಹೊಳೆಯದಿದ್ದರೆ, ಅವರ ಹಳೆಯ ಸಂದೇಶಗಳನ್ನು ಒಮ್ಮೆ ಹಿಂದಕ್ಕೆ ಹೋಗಿ ಓದಿ, ಎಲ್ಲಾದರೂ ಸಿಗುತ್ತದೆ.

‘ಗೌರವದಿಂದ ನಡೆಸಿಕೊಂಡರು’ ಎಂಬ ಸಾಲನ್ನು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಇವನಿಗೆ ಪ್ರಶ್ನೆಗಳು ಹಿಡಿಸಿರಲಿಲ್ಲ, ಆದರೆ ಯಾರೂ ಅವಮಾನಿಸಿರಲಿಲ್ಲ, ಆದ್ದರಿಂದ ಸಾಲು ಸುಳ್ಳಲ್ಲ. ನಿಜಕ್ಕೂ ಯಾರಾದರೂ ಕೆಟ್ಟದಾಗಿ ನಡೆದುಕೊಂಡಿದ್ದರೆ ಈ ಪತ್ರದಲ್ಲಿ ಆ ಬಗ್ಗೆ ಮೌನವೇ ಮೇಲು. ದೂರು ಕೊಡುವಷ್ಟು ಗಂಭೀರವಾಗಿದ್ದರೆ ಅದಕ್ಕೆ ಎಚ್‌ಆರ್ ಇದೆ, ಬೇರೆ ಪತ್ರವಿದೆ. ಹಾಗೆಯೇ ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳನ್ನು ಇದರಲ್ಲಿ ಇಳಿಸಬಾರದು, ಅವೂ ಗೋಪ್ಯವೆಂದು ಎಷ್ಟೋ ಕಡೆ ಮೊದಲೇ ಹೇಳಿರುತ್ತಾರೆ. ನಾನು ಬಳಸುವ ಪರೀಕ್ಷೆ ಒಂದೇ: ಈ ಪತ್ರವನ್ನು ಮೇಡಂ ಹಾಗೆಯೇ ಆ ಹುದ್ದೆಯ ಮ್ಯಾನೇಜರ್‌ಗೆ ಕಳುಹಿಸಿಬಿಟ್ಟರೆ ನನಗೆ ಮುಜುಗರವಾಗುತ್ತದೆಯೇ? ಕಳುಹಿಸುವವರು ಇದ್ದಾರೆ. ‘ನೋಡಿ, ಎಷ್ಟು ಚೆನ್ನಾಗಿ ಬರೆದಿದ್ದಾನೆ’ ಎಂದು ಒಳ್ಳೆಯ ಉದ್ದೇಶದಿಂದಲೇ ಕಳುಹಿಸುತ್ತಾರೆ.

ಕಾರಣ ಕೇಳುವುದರ ಬದಲು ಅವನು ತನಗೆ ಕಂಡ ಕೊರತೆಯನ್ನು ತಾನೇ ಹೇಳಿದ. ಇದು ಬರಿಯ ವಿನಯವಲ್ಲ. ಮೇಡಂಗೆ ಒಳಗಿನ ಮಾತು ಏನಾದರೂ ಕಿವಿಗೆ ಬಿದ್ದಿದ್ದರೆ, ನಿಯಮ ಮುರಿಯದೆ ‘ಹೌದು, ಅದರ ಕಡೆ ಗಮನ ಕೊಡು’ ಎಂದೋ ‘ಅದು ಅಷ್ಟು ದೊಡ್ಡ ವಿಷಯವಲ್ಲ’ ಎಂದೋ ಅನ್ನಲು ಅವರಿಗೆ ದಾರಿ ತೆರೆದಿಟ್ಟಂತಾಯಿತು. ಏನೂ ಗೊತ್ತಿಲ್ಲದಿದ್ದರೆ ಏನೂ ಹೇಳದೆ ಮುಂದಕ್ಕೆ ಹೋಗಬಹುದು. ಅಧಿಕೃತವಾಗಿ ಕಾರಣ ಕೇಳಲೇಬೇಕೆಂದಿದ್ದರೆ ನೇಮಕಾತಿ ವಿಭಾಗದವರಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆಯಿರಿ. ಉತ್ತರ ಬಾರದಿರುವ ಸಾಧ್ಯತೆಯೇ ಹೆಚ್ಚು, ಬಂದರೆ ಒಳ್ಳೆಯದು, ಅಂತೂ ಆ ಹೊರೆ ರೆಫರ್ ಮಾಡಿದವರ ಹೆಗಲಿಗೆ ಬೀಳುವುದಿಲ್ಲ.

‘ಇನ್ನೇನೂ ಮಾಡಬೇಕಾಗಿಲ್ಲ’ ಎನ್ನುವ ಸಾಲಿಗಾಗಿ ನಾವಿಬ್ಬರೂ ಫೋನಿನಲ್ಲಿ ಸ್ವಲ್ಪ ಜಗಳವಾಡಿದೆವು. ಅವಕಾಶದ ಬಾಗಿಲನ್ನು ತಾನೇ ಮುಚ್ಚಿದಂತಾಗುವುದಿಲ್ಲವೇ ಎಂದು ಅವನ ವಾದ. ಬಾಗಿಲು ಮುಚ್ಚುವುದು ಸಂಕೋಚದಿಂದಲೇ ಹೊರತು ಈ ಸಾಲಿನಿಂದಲ್ಲ ಎಂದು ನಾನು. ಬೇರೆ ತಂಡದಲ್ಲಿ ಜಾಗ ಕಂಡಾಗ ನಿಮ್ಮನ್ನು ನೆನೆಯುವವರು, ನಿಮ್ಮ ವಿಷಯದಲ್ಲಿ ಬಾಕಿ ಇದೆ ಎಂದು ಅಳುಕುವವರಲ್ಲ. ನಿಮ್ಮ ಹೆಸರು ಕಂಡಾಗ ಹಗುರವಾಗಿ ಅನ್ನಿಸುವವರು.

ಯಾವಾಗ ಬರೆಯಬೇಕು, ಎಲ್ಲಿ ಬರೆಯಬೇಕು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಸುದ್ದಿ ಬಂದ ಗಂಟೆಯಲ್ಲಿ ಬೇಡ, ಒಂದು ವಾರ ಕಳೆದ ಮೇಲೂ ಬೇಡ. ಒಂದು ರಾತ್ರಿ ಮಲಗಿ ಎದ್ದು, ಮರುದಿನವೋ ಅದರ ಮರುದಿನವೋ ಕಳುಹಿಸಿ. ಅವರು ನಿಮ್ಮ ಜೊತೆ ಮಾತಾಡುತ್ತಿದ್ದ ಜಾಗದಲ್ಲೇ ಬರೆಯಿರಿ: ವಾಟ್ಸಾಪ್‌ನಲ್ಲಿ ಮಾತಾಗಿದ್ದರೆ ವಾಟ್ಸಾಪ್, ಅವರ ಖಾಸಗಿ ಇಮೇಲ್ ಆಗಿದ್ದರೆ ಅದೇ. ಅವರ ಕಚೇರಿಯ ಇಮೇಲ್‌ಗೆ ಮಾತ್ರ ಬೇಡ, ಅದು ಸಂಸ್ಥೆಯ ಸ್ವತ್ತು. ಉಡುಗೊರೆ ಕಳುಹಿಸಬೇಡಿ, ನೇಮಕಾತಿಗೆ ಸಂಬಂಧಿಸಿ ಉಡುಗೊರೆ ಬಂದಿತೆಂದರೆ ಕೆಲವು ಕಡೆ ಅವರು ಅದನ್ನು ಲಿಖಿತವಾಗಿ ತಿಳಿಸಬೇಕಾಗುತ್ತದೆ.

ತಡವಾಗಿಹೋಗಿದ್ದರೆ? ಸಭೆಯಲ್ಲಿ ಒಬ್ಬ ತಂಗಿ ಇದನ್ನೇ ಕೇಳಿದರು: ‘ಸರ್, ನನಗೆ ರಿಜೆಕ್ಟ್ ಆಗಿ ಏಳು ತಿಂಗಳಾಯಿತು, ನಾನು ಅವರಿಗೆ ಏನೂ ಬರೆದಿಲ್ಲ. ಈಗ ಬರೆದರೆ ವಿಚಿತ್ರವಾಗಿ ಕಾಣುವುದಿಲ್ಲವೇ?’ ಕಾಣುತ್ತದೆ ಎಂದು ನಿಮಗೆ ಅನ್ನಿಸುವುದು ಸಹಜ, ಆದರೆ ಆ ಅನ್ನಿಸಿಕೆಯನ್ನು ಪೂರ್ತಿ ನಂಬಬೇಡಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಯಿಸಿ, ಓದಿದವರಿಗೆ ಏನನ್ನಿಸಿರಬಹುದು ಎಂದು ಬರೆದವರನ್ನೂ, ನಿಜವಾಗಿ ಏನನ್ನಿಸಿತು ಎಂದು ಓದಿದವರನ್ನೂ ಕೇಳಿದರು. ಬರೆದವರು ಊಹಿಸಿದಷ್ಟು ಮುಜುಗರ ಓದಿದವರಿಗೆ ಆಗಿರಲಿಲ್ಲ. ಸಂತೋಷ ಮಾತ್ರ ಊಹಿಸಿದ್ದಕ್ಕಿಂತ ಹೆಚ್ಚಾಗಿತ್ತು. ನಾವು ಪದಗಳು ಸರಿಯಾಗಿವೆಯೇ ಎಂದು ಒದ್ದಾಡುತ್ತಿರುತ್ತೇವೆ, ಓದುವವರು ಅದರಲ್ಲಿನ ಅಕ್ಕರೆಯನ್ನು ನೋಡುತ್ತಿರುತ್ತಾರೆ. ಹಾಗಾಗಿ ಏಳು ತಿಂಗಳ ಮೇಲೆ ಬರೆಯುವುದಾದರೆ ತಡಕ್ಕೆ ಒಂದೇ ಸಾಲಿನ ಒಪ್ಪಿಗೆ ಸಾಕು: ‘ಆಗಲೇ ಬರೆಯಬೇಕಿತ್ತು, ಸಂಕೋಚದಿಂದ ಸುಮ್ಮನಿದ್ದೆ.’ ಕಾರಣಗಳ ಪಟ್ಟಿ ಬೇಡ.

ಫಲಿತಾಂಶವೇ ಬರದೆ ಹೋಗುವುದೂ ಉಂಟು. ಸಂದರ್ಶನ ಮುಗಿದು ತಿಂಗಳಾದರೂ ಹೌದು ಅಥವಾ ಇಲ್ಲ ಎಂಬ ಮಾತಿಲ್ಲ. ಆಗಲೂ ಪತ್ರ ಹೋಗಬೇಕು, ಆದರೆ ಅದರಲ್ಲಿ ‘ಸಂಸ್ಥೆಯಿಂದ ಮಾತಿಲ್ಲ, ನಾನು ಇದನ್ನು ಇಲ್ಲ ಎಂದೇ ತಿಳಿದು ಬೇರೆ ಕಡೆ ನೋಡುತ್ತಿದ್ದೇನೆ’ ಎಂದು ನೀವೇ ತೀರ್ಮಾನ ಕೊಟ್ಟುಬಿಡಬೇಕು. ‘ಏನಾದರೂ ಗೊತ್ತಾಯಿತೇ’ ಎಂಬ ಪ್ರಶ್ನೆಯನ್ನು ರೆಫರ್ ಮಾಡಿದವರಿಗೆ ಒಮ್ಮೆ ಕೇಳಬಹುದು. ಎರಡನೆಯ ಸಲ ಕೇಳಿದರೆ ಅವರು ನಿಮ್ಮ ಪರವಾಗಿ ಕಂಡಕಂಡವರ ಬೆನ್ನು ಹತ್ತಬೇಕಾಗುತ್ತದೆ. ಇನ್ನು ತಪ್ಪು ನಿಜಕ್ಕೂ ನಿಮ್ಮದೇ ಆಗಿದ್ದರೆ, ಅಂದರೆ ಸಂದರ್ಶನಕ್ಕೆ ಹೇಳದೆ ತಪ್ಪಿಸಿಕೊಂಡಿದ್ದರೆ ಅಥವಾ ರೆಸ್ಯೂಮೆಯಲ್ಲಿ ಬರೆದದ್ದು ನಿಲ್ಲದೆ ಹೋಗಿದ್ದರೆ, ನಾನು ಈವರೆಗೆ ಕ್ಷಮೆಯ ಬಗ್ಗೆ ಹೇಳಿದ್ದನ್ನು ಮರೆತುಬಿಡಿ. ಅಲ್ಲಿ ಅವರ ಮಾತಿಗೆ ನಿಜವಾಗಿ ಪೆಟ್ಟು ಬಿದ್ದಿದೆ. ಧನ್ಯವಾದಕ್ಕಿಂತ ಮೊದಲು ಕ್ಷಮೆ ಬರಬೇಕು, ಅದೂ ಪತ್ರದಲ್ಲಲ್ಲ, ಫೋನಿನಲ್ಲಿ.

ಒಂದು ಪತ್ರದಿಂದ ಸಂಬಂಧ ಬೆಚ್ಚಗೆ ಉಳಿಯುತ್ತದೆ ಎಂದು ನಾನು ಹೇಳಲಾರೆ. ಪತ್ರ ಮುಜುಗರವನ್ನು ತೆಗೆಯುತ್ತದೆ, ಅಷ್ಟೇ. ಬೆಚ್ಚಗೆ ಇಡುವುದು ಅದರ ನಂತರದ ಎರಡನೆಯ ಸಂದೇಶ: ಮೂರು ನಾಲ್ಕು ತಿಂಗಳ ಮೇಲೆ, ಏನನ್ನೂ ಕೇಳದೆ, ಎರಡು ಮೂರು ಸಾಲಿನಲ್ಲಿ ಹೋಗುವಂಥದ್ದು. ಆಡಮ್ ಗ್ರಾಂಟ್ ಮತ್ತು ಫ್ರಾಂಚೆಸ್ಕಾ ಜೀನೊ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಈ ವಿಷಯದಲ್ಲಿ ಎಲ್ಲರೂ ಉದಾಹರಿಸುತ್ತಾರೆ. ವಿದ್ಯಾರ್ಥಿಯೊಬ್ಬನ ಉದ್ಯೋಗದ ಅರ್ಜಿಪತ್ರವನ್ನು ಓದಿ ಸಲಹೆ ಕೊಟ್ಟವರಿಗೆ ಅವನಿಂದ ಇನ್ನೊಂದು ಪತ್ರವನ್ನೂ ನೋಡಿಕೊಡಿ ಎಂಬ ಕೋರಿಕೆ ಬಂದಾಗ, ಮೊದಲ ಸಹಾಯಕ್ಕೆ ಧನ್ಯವಾದ ಬಂದಿದ್ದವರಲ್ಲಿ ನೂರಕ್ಕೆ 66 ಮಂದಿ ಒಪ್ಪಿದರು. ಸಲಹೆ ತಲುಪಿತು ಎಂದಷ್ಟೇ ಬಂದಿದ್ದವರಲ್ಲಿ 32 ಮಂದಿ. ಇದನ್ನು ಓದಿ ಧನ್ಯವಾದ ಹೇಳಿದರೆ ಸಹಾಯ ಇಮ್ಮಡಿಯಾಗುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಧನ್ಯವಾದ ಬಂದವರಿಗೆ ತಾವು ಲೆಕ್ಕಕ್ಕಿದ್ದೇವೆ, ತಮ್ಮ ಕೆಲಸಕ್ಕೆ ಬೆಲೆ ಬಂತು ಎನ್ನಿಸಿತ್ತು, ಆ ಅನ್ನಿಸಿಕೆಯೇ ಅವರನ್ನು ಮತ್ತೆ ಎಬ್ಬಿಸಿತು ಎಂದು ಆ ಅಧ್ಯಯನದಲ್ಲಿ ಕಂಡುಬಂದದ್ದು. ಮುಂದಿನ ಬೇಡಿಕೆಗೆ ದಾರಿ ಮಾಡಲೆಂದೇ ಬರೆದ ಧನ್ಯವಾದದಲ್ಲಿ ಆ ಬೆಲೆ ಕಾಣುವುದಿಲ್ಲ.

ಮತ್ತೆ ರೆಫರ್ ಮಾಡಿಸಿಕೊಳ್ಳುವುದು ತಪ್ಪೇನೂ ಅಲ್ಲ. ಆದರೆ ತಿರಸ್ಕಾರವಾದ ಮೇಲೆ ಇಂತಿಷ್ಟು ಕಾಲ ಮತ್ತೆ ಅರ್ಜಿ ಹಾಕುವಂತಿಲ್ಲ ಎಂಬ ನಿಯಮ ಹಲವು ಸಂಸ್ಥೆಗಳಲ್ಲಿದೆ, 6 ತಿಂಗಳೋ ಒಂದು ವರ್ಷವೋ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆ ಅವಧಿಯನ್ನು ನೇಮಕಾತಿ ವಿಭಾಗದವರಿಂದ ಮೊದಲೇ ತಿಳಿದುಕೊಂಡು, ಅದು ಮುಗಿದ ಮೇಲೆ, ಈ ನಡುವೆ ನಿಮ್ಮ ಕೆಲಸದಲ್ಲಿ ಏನು ಬದಲಾಗಿದೆ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ ಕೇಳಬೇಕು. ಹಳೆಯ ರೆಸ್ಯೂಮೆಯನ್ನೇ ಮತ್ತೆ ಕಳುಹಿಸಿದರೆ ಅವರು ಪೋರ್ಟಲ್‌ನಲ್ಲಿ ಹೊಸದಾಗಿ ಬರೆಯಲು ಏನೂ ಇರುವುದಿಲ್ಲ.

ನನ್ನ ಸ್ನೇಹಿತನ ಪತ್ರಕ್ಕೆ ಮೇಡಂ ಎರಡು ದಿನದ ಮೇಲೆ ಉತ್ತರ ಬರೆದರು. ‘ನೀನೇ ತಿಳಿಸಿದ್ದು ಒಳ್ಳೆಯದಾಯಿತು, ನಾನು ಹೇಗೆ ಕೇಳುವುದು ಎಂದು ಯೋಚಿಸುತ್ತಿದ್ದೆ’ ಎಂದು ಶುರುವಾಗಿ ನಾಲ್ಕು ಸಾಲಿನಲ್ಲಿ ಮುಗಿದಿತ್ತು. ನಾಲ್ಕು ತಿಂಗಳ ನಂತರ ಇವನು ಅವರ ಹೊಸ ಯೋಜನೆಯ ಬಗ್ಗೆ ಕೇಳಿ, ತನ್ನ ಕಚೇರಿಯಲ್ಲಿ ಒಂದು ಕೆಲಸವನ್ನು ಮೊದಲಿನಿಂದ ತಾನೇ ಹೊತ್ತುಕೊಂಡಿರುವುದನ್ನು ತಿಳಿಸಿ ಮೂರು ಸಾಲು ಬರೆದ. ಆ ಸಂಸ್ಥೆಗೆ ಅವನು ಇವತ್ತಿಗೂ ಮತ್ತೆ ಅರ್ಜಿ ಹಾಕಿಲ್ಲ. ಹೋದ ತಿಂಗಳು ಮೇಡಂ ಅವರೇ ಅವನಿಗೆ ಬರೆದಿದ್ದರು. ಅವರ ಅಕ್ಕನ ಮಗಳು ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಳಂತೆ, ಇವನು ಈಗಿರುವ ಕಚೇರಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆಯೇ, ರೆಫರ್ ಮಾಡಲು ಸಾಧ್ಯವೇ ಎಂದು. ಅವನು ಮಾಡಿದ್ದಾನೆ. ಪೋರ್ಟಲ್‌ನಲ್ಲಿ ಇನ್ನೂ ‘ಪರಿಶೀಲನೆಯಲ್ಲಿದೆ’ ಎಂದೇ ತೋರಿಸುತ್ತಿದೆ. ದಿನಕ್ಕೆ ಎರಡು ಸಲ ತೆರೆದು ನೋಡುತ್ತೇನೆ ಸರ್ ಎನ್ನುತ್ತಾನೆ.